ನೆರಳಿಗೆ ಬೀಗ

ನಾನು ಎಸ್ಸೆಸ್ಸೆಲ್ಸಿ ಓದುವಾಗ ನಮ್ಮ ಗಣಿತದ ಮೇಷ್ಟ್ರ ಮನೆ ಜಗುಲಿಯಲ್ಲಿ ಬೆಳಗ್ಗೆ ಆರಕ್ಕೇ ಟ್ಯೂಷನ್ ಶುರುವಾಗ್ತಿತ್ತು. ಕ್ಲಾಸಿನಲ್ಲಿ ಅರ್ಧಕ್ಕೆ ಬಿಟ್ಟ ಲೆಕ್ಕ ಅಲ್ಲಿ ಪೂರ್ತಿ ಆಗ್ತಿತ್ತು. ಫೀಸು ಕಟ್ಟಲಾಗದ ನಾನು ಗೆಳೆಯನ ನೋಟ್ಸ್ ಇಸ್ಕೊಂಡು ಬರ್ಕೋತಿದ್ದೆ. ಸರ್ಕಾರ ಈ ಟ್ಯೂಷನ್ನನ್ನೇ ಯಾಕೆ ನಿಲ್ಲಿಸಬಾರದು ಅಂತ ಆಗೆಲ್ಲ ಸಿಟ್ಟು ಬರ್ತಿತ್ತು. ಹಾಗೆ ನಿಜವಾಗಿ ನಿಲ್ಲಿಸಿ ನೋಡಿದ ದೇಶವೊಂದಿದೆ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅದು ದಕ್ಷಿಣ ಕೊರಿಯಾ.

ಅಲ್ಲಿ ಒಂದು ಕಾಲಕ್ಕೆ ಮಿಡಲ್ ಸ್ಕೂಲ್ ಸೇರಲಿಕ್ಕೂ ಪ್ರವೇಶ ಪರೀಕ್ಷೆ ಇತ್ತು. ಪ್ರೈಮರಿ ಮಕ್ಕಳೇ ಮನೆಪಾಠಕ್ಕೆ ಓಡುತ್ತಿದ್ದರು. 1969ರಲ್ಲಿ ಸಿಯೋಲ್‌ನಿಂದ ಶುರುಮಾಡಿ ಆ ಪರೀಕ್ಷೆಯನ್ನು ತೆಗೆದರು. ಪೈಪೋಟಿ ಹೈಸ್ಕೂಲಿನ ಬಾಗಿಲಿಗೆ ಸರಿಯಿತು. 1974ರಿಂದ ಸಿಯೋಲ್ ಮತ್ತು ಬುಸಾನ್‌ನಲ್ಲಿ ಹೈಸ್ಕೂಲ್ ಸೀಟುಗಳನ್ನೂ ಚೀಟಿ ಎತ್ತಿ ಹಂಚತೊಡಗಿದರು. ಪೈಪೋಟಿ ಯೂನಿವರ್ಸಿಟಿಯ ಬಾಗಿಲಿಗೆ ಹೋಯಿತು, ಟ್ಯೂಷನ್ ಅದರ ಹಿಂದೆಯೇ ಹೋಯಿತು. ಸಮಾಜಶಾಸ್ತ್ರದವರು ಇದನ್ನು ‘ನೆರಳು ಶಿಕ್ಷಣ’ ಅನ್ನೋದು ಸುಮ್ಮನೆ ಅಲ್ಲ.

1980ರ ಜುಲೈ 30ರಂದು, ಸೇನಾಧಿಕಾರಿ ಚುನ್ ಡೂ-ಹ್ವಾನ್ ಅಧಿಕಾರ ಹಿಡಿದಿದ್ದ ಹೊತ್ತಿನಲ್ಲಿ, ಮನೆಪಾಠ ಮತ್ತು ಶಾಲಾ ಮಕ್ಕಳ ಕೋಚಿಂಗನ್ನು ನಿಷೇಧಿಸಲಾಯಿತು. ಯೂನಿವರ್ಸಿಟಿಗಳು ತಾವೇ ನಡೆಸುತ್ತಿದ್ದ ಪ್ರವೇಶ ಪರೀಕ್ಷೆಗಳೂ ಹೋದವು, ಸೀಟುಗಳು ಹೆಚ್ಚಾದವು. ಆದರೆ ಒಂದು ಮಾತು ಬದಲಾಗಲಿಲ್ಲ. ಯಾವ ಯೂನಿವರ್ಸಿಟಿಯಲ್ಲಿ ಓದಿದೆ ಅನ್ನೋದೇ ಮುಂದಿನ ಕೆಲಸ, ಮರ್ಯಾದೆ ಎರಡನ್ನೂ ತೀರ್ಮಾನಿಸುತ್ತಿತ್ತು.

ಬೇಡಿಕೆ ಹಾಗೇ ಉಳಿದಾಗ ವ್ಯಾಪಾರ ಬಾಗಿಲು ಮುಚ್ಚಿಕೊಂಡು ನಡೆಯುತ್ತೆ. ಬಹಿರಂಗವಾಗಿ ನಡೆಯುತ್ತಿದ್ದ ಪಾಠಗಳು ನಿಂತವು, ಅಷ್ಟರ ಮಟ್ಟಿಗೆ ನಿಷೇಧ ಕೆಲಸ ಮಾಡಿತು. ಆದರೆ ಗುಟ್ಟಿನ ಪಾಠ ಹುಟ್ಟಿತು. ಸಿಕ್ಕಿಬಿದ್ದರೆ ಪಾಠ ಹೇಳುವವನಿಗೆ ಶಿಕ್ಷೆ, ಹಾಗಾಗಿ ಆ ಭಯದ ಬೆಲೆಯನ್ನೂ ಅವನು ಫೀಸಿಗೆ ಸೇರಿಸಿದ. ಮೊದಲು ಹತ್ತಿಪ್ಪತ್ತು ಮಕ್ಕಳು ಕೂತು ಕಡಿಮೆ ಫೀಸಿಗೆ ಕಲಿಯುತ್ತಿದ್ದ ಪಾಠ ಈಗ ಒಬ್ಬಿಬ್ಬರಿಗೆ ಮಾತ್ರ. ಅಂದ್ರೆ ಮಧ್ಯಮ ವರ್ಗದವರು ಹೊರಗೆ ಬಿದ್ದರು, ದುಡ್ಡಿದ್ದವರು ಒಳಗೇ ಉಳಿದರು. 1989ರಲ್ಲಿ ಕಾಲೇಜು ವಿದ್ಯಾರ್ಥಿಗಳು ಪಾಠ ಹೇಳಬಹುದು ಅಂತ ಗಂಟು ಸಡಿಲಿಸಿದರು. ಕೊನೆಗೆ 2000ದ ಏಪ್ರಿಲ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ತಂದೆತಾಯಿಗೆ ಮಕ್ಕಳನ್ನು ಓದಿಸುವ ಹಕ್ಕಿದೆ, ಇಷ್ಟು ಅಗಲವಾದ ನಿಷೇಧ ಅತಿಯಾಯಿತು ಅಂತ ಹೇಳಿ ಅದನ್ನು ರದ್ದು ಮಾಡಿತು.

ನಮ್ಮಲ್ಲೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಅನ್ನುತ್ತೆ. ಕ್ಲಾಸಿನಲ್ಲಿ ಅರ್ಧ ಲೆಕ್ಕ ಬಿಡುವ ಚಾಳಿಗೆ ಅದು ಮದ್ದಾಗಬಹುದು. ರ‍್ಯಾಂಕಿಗೊಂದೇ ಸೀಟು ಸಿಗುವ ಪರೀಕ್ಷೆಯ ಪೈಪೋಟಿಗೆ ಅದು ಮದ್ದಲ್ಲ.

ನಮ್ಮೂರಿನ ಆ ಜಗುಲಿ ಈಗಲೂ ನೆನಪಾಗುತ್ತೆ. ಅವತ್ತು ಆ ಪಾಠ ಗುಟ್ಟಾಗಿ ನಡೀತಿದ್ದರೆ, ಗೆಳೆಯ ನನಗೆ ನೋಟ್ಸನ್ನೂ ಕೊಡ್ತಿರಲಿಲ್ಲ.