ಡಾರ್ವಿನ್ ಮನೆಯ ಒಂಬತ್ತೂವರೆ ಗಂಟೆ

ಕಳೆದ ತಿಂಗಳು ನಾನೊಂದು ನಿಯಮ ಹಾಕ್ಕೊಂಡೆ. ಬೆಳಿಗ್ಗೆ ಬರೆಯೋಕೆ ಕೂತರೆ ಹನ್ನೊಂದು ಗಂಟೆವರೆಗೆ ಇಮೇಲ್ ನೋಡೋದಿಲ್ಲ, ವಾಟ್ಸಾಪ್ ತೆರೆಯೋದಿಲ್ಲ. ನಾಲ್ಕನೇ ದಿನಕ್ಕೇ ಪೆಟ್ಟು ಬಿತ್ತು. ಅತಿಥಿಯೊಬ್ಬರು ರೆಕಾರ್ಡಿಂಗ್ ಮುಂದೂಡಿ ಬೆಳಿಗ್ಗೆಯೇ ಮೇಲ್ ಹಾಕಿದ್ದರು. ನಾನು ಅದನ್ನು ನೋಡದೆ ಸ್ಟುಡಿಯೊಗೆ ಹೋಗಿ ಒಂದು ಗಂಟೆ ಕಾದು ವಾಪಸ್ ಬಂದೆ. ಹಾಗಾದರೆ ಈ ನಿಯಮವೇ ತಪ್ಪಾ? ಉತ್ತರ ಹುಡುಕುತ್ತಾ ನಾನು ಹೋಗಿ ನಿಂತದ್ದು ಚಾರ್ಲ್ಸ್ ಡಾರ್ವಿನ್ ಮನೆ ಬಾಗಿಲಲ್ಲಿ.

1842ರಲ್ಲಿ ಡಾರ್ವಿನ್ ಲಂಡನ್ ಬಿಟ್ಟು ಕೆಂಟ್ ಪ್ರಾಂತ್ಯದ ಡೌನ್ ಎಂಬ ಹಳ್ಳಿಗೆ ಬಂದರು. ಅವರ ಸಂಶೋಧನೆ ನಡೆಯುತ್ತಿದ್ದದ್ದೇ ಪತ್ರಗಳಿಂದ. ಪಾರಿವಾಳ ಸಾಕುವವರು, ತೋಟಗಾರರು, ದೂರದೇಶದ ಅಧಿಕಾರಿಗಳು, ಹೀಗೆ ಎಲ್ಲರಿಗೂ ಪ್ರಶ್ನೆ ಬರೆದು ಮಾಹಿತಿ ತರಿಸಿಕೊಳ್ಳುತ್ತಿದ್ದರು. ಅವರು ಬರೆದ, ಅವರಿಗೆ ಬಂದ ಸುಮಾರು 15,000 ಪತ್ರಗಳು ಈಗ ಸಿಕ್ಕಿವೆ. ಅಂದರೆ ಪತ್ರವನ್ನು ಪಕ್ಕಕ್ಕಿಟ್ಟು ಕೂರುವ ಸ್ಥಿತಿ ಅವರದಾಗಿರಲಿಲ್ಲ.

ಮಗ ಫ್ರಾನ್ಸಿಸ್ ಅಪ್ಪನ ದಿನಚರಿಯನ್ನು ಬರೆದಿಟ್ಟಿದ್ದಾರೆ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ ಕೆಲಸ. ದಿನದಲ್ಲಿ ತಲೆ ಚೆನ್ನಾಗಿ ಓಡುವ ಹೊತ್ತುಗಳಲ್ಲಿ ಇದೂ ಒಂದು ಅಂತ ಡಾರ್ವಿನ್ ನಂಬಿದ್ದರು. ಒಂಬತ್ತೂವರೆಗೆ ಹಜಾರಕ್ಕೆ ಬಂದು ಅಂಚೆ ನೋಡುತ್ತಿದ್ದರು. ಮನೆಮಂದಿಯ ಪತ್ರ ಬಂದಿದ್ದರೆ ಯಾರಾದರೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಹತ್ತೂವರೆಗೆ ಮತ್ತೆ ಕೆಲಸ, ಮಧ್ಯಾಹ್ನದವರೆಗೆ. ಉತ್ತರ ಬರೆಯುವುದು ಊಟ, ಪತ್ರಿಕೆ ಎಲ್ಲ ಮುಗಿದ ಮೇಲೆ, ಸುಮಾರು ಮೂರು ಗಂಟೆಯವರೆಗೆ.

ಇಲ್ಲಿ ಎರಡು ಸಂಗತಿ ಗಮನಿಸಿ. ಮೊದಲ ಒಂದೂವರೆ ಗಂಟೆಯ ಕೆಲಸ ಮುಗಿಯುವವರೆಗೆ ಬೇರೆಯವರ ಪ್ರಶ್ನೆ ತಲೆಗೆ ಬರುತ್ತಿರಲಿಲ್ಲ. ಜೊತೆಗೆ, ಓದುವ ಹೊತ್ತು ಬೇರೆ, ಉತ್ತರಿಸುವ ಹೊತ್ತು ಬೇರೆ. ಬೆಳಿಗ್ಗೆ ಓದಿದ ಪತ್ರಕ್ಕೆ ಮಧ್ಯಾಹ್ನ ಉತ್ತರ ಹೋಗುತ್ತಿತ್ತು. ಹಾಗಂತ ಯಾರನ್ನೂ ಕೈಬಿಡುತ್ತಿರಲಿಲ್ಲ. ತಲೆಹರಟೆ ಪತ್ರಕ್ಕೂ ಉತ್ತರ ಕೊಡದಿದ್ದರೆ ಅವರಿಗೆ ಮನಸ್ಸು ಚುಚ್ಚುತ್ತಿತ್ತಂತೆ.

ಆದರೆ ತುರ್ತು ಬಂದರೆ? 1858ರ ಜೂನ್‌ನಲ್ಲಿ ಬಂತು. ಆಗ್ನೇಯ ಏಷ್ಯಾದ ದ್ವೀಪಗಳಲ್ಲಿದ್ದ ಆಲ್ಫ್ರೆಡ್ ವಾಲೇಸ್ ಒಂದು ಲೇಖನ ಕಳಿಸಿದ್ದರು. ಡಾರ್ವಿನ್ ಇಪ್ಪತ್ತು ವರ್ಷದಿಂದ ಕೂಡಿಡುತ್ತಿದ್ದ ಸಿದ್ಧಾಂತವೇ ಅದರಲ್ಲಿತ್ತು. ಅದೇ ದಿನಗಳಲ್ಲಿ ಮನೆಯಲ್ಲಿ ಪುಟ್ಟ ಮಗನಿಗೆ ಜ್ವರ. ಜೂನ್ 28ರಂದು ಮಗು ತೀರಿಕೊಂಡಿತು. ಡಾರ್ವಿನ್ ಲೇಖನವನ್ನು ಗೆಳೆಯ ಲಯೆಲ್‌ಗೆ ಕಳಿಸಿದರು. ಮುಂದಿನದನ್ನು ಲಯೆಲ್ ಮತ್ತು ಹೂಕರ್ ನೋಡಿಕೊಂಡರು. ಜುಲೈ 1ಕ್ಕೆ ಇಬ್ಬರ ಬರಹವೂ ಲಿನಿಯನ್ ಸೊಸೈಟಿಯಲ್ಲಿ ಓದಲಾಯಿತು. ತುರ್ತು ಕೆಲಸವನ್ನು ಉಳಿಸಿದ್ದು ದಿನಚರಿ ಅಲ್ಲ, ಹೊರಗೆ ನಿಂತಿದ್ದ ಇಬ್ಬರು ಗೆಳೆಯರು.

ಇಮೇಲ್ ಬಂದಮೇಲೆ ಅಂಚೆಯವನಿಗೊಂದು ಹೊತ್ತು ಅನ್ನೋದೇ ಹೋಯಿತು. ಅದನ್ನು ವಾಪಸ್ ತಂದವರಲ್ಲಿ ಒಬ್ಬರು ಸ್ಟ್ಯಾನ್‌ಫರ್ಡ್‌ನ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್. ಸುಮಾರು ಹದಿನೈದು ವರ್ಷ ಇಮೇಲ್ ಬಳಸಿ, 1990ರ ಜನವರಿ 1ರಿಂದ ಇಮೇಲ್ ವಿಳಾಸವನ್ನೇ ಬಿಟ್ಟರು. ಪತ್ರಗಳು ಗುಡ್ಡೆಯಾದ ಮೇಲೆ ಒಟ್ಟಿಗೆ ನೋಡುತ್ತಾರೆ. ಅವರು ರೂಪಿಸಿದ ಟೆಕ್ ತಂತ್ರಾಂಶದ ದೋಷಪಟ್ಟಿಯನ್ನಂತೂ 2014ರಲ್ಲಿ ನೋಡಿದವರು ಮತ್ತೆ ನೋಡಿದ್ದು 2021ರಲ್ಲಿ! ಆದರೆ ನಡುವೆ ಆ ದೂರುಗಳನ್ನು ಸೋಸಿ ಇಡಲು ಸ್ವಯಂಸೇವಕರಿದ್ದಾರೆ, ಪತ್ರ ನೋಡಲು ಕಾರ್ಯದರ್ಶಿ ಇದ್ದರು. ಡಾರ್ವಿನ್ ಮನೆಯಲ್ಲೂ ಹೆಂಡತಿ ಎಮ್ಮಾ, ಆಳುಕಾಳು ಇದ್ದರು.

ನನ್ನ ಬಳಿ ಇವರ್ಯಾರೂ ಇಲ್ಲ. ನನ್ನ ತಪ್ಪು ಅಲ್ಲೇ ಇತ್ತು. ಬಾಗಿಲು ಹಾಕಿದ್ದೆ, ಆದರೆ ತುರ್ತಿಗೆ ಬೇರೆ ದಾರಿ ಇಟ್ಟಿರಲಿಲ್ಲ. ಈಗ ನಿಯಮ ಬದಲಾಗಿದೆ. ಹನ್ನೊಂದಕ್ಕೆ ಓದುವುದು, ಚಿಕ್ಕವಕ್ಕೆ ಮಾತ್ರ ಆಗಲೇ ಉತ್ತರ. ಯೋಚಿಸಿ ಬರೆಯಬೇಕಾದದ್ದು ಮೂರೂವರೆಗೆ. ಅವತ್ತೇ ಬದಲಾಗುವ ವಿಷಯವಿದ್ದರೆ ಫೋನ್ ಮಾಡಿ ಅಂತ ಅತಿಥಿಗಳಿಗೆ ಮೊದಲೇ ಹೇಳ್ತೀನಿ, ರಿಂಗ್ ತೆರೆದೇ ಇರುತ್ತೆ. "ಮೇಲ್ ನೋಡಿದ್ರಾ?" ಅಂತ ಒಬ್ಬರೇ ವಾರದಲ್ಲಿ ಎರಡು ಸಲ ಫೋನ್ ಮಾಡಿದರೆ, ಆ ಕೆಲಸಕ್ಕೆ ನನ್ನ ಗಂಟೆಗಳ ನಡುವಿನ ಅಂತರ ಜಾಸ್ತಿಯಾಯಿತು ಅಂತಲೇ ಅರ್ಥ, ಆಗ ನಡುವೆ ಇನ್ನೊಂದು ಹೊತ್ತು ಸೇರಿಸ್ತೀನಿ.

ಆ ಅತಿಥಿ ಮೊನ್ನೆ ಬಂದರು. ಹೊರಡುವ ಮುಂಚೆ ಫೋನ್ ಮಾಡಿದ್ದರು. ಅವರ ಸಂಚಿಕೆ ಮುಂದಿನ ವಾರ.