ಹಣ ಗುಣಕ: ಮುಕ್ತ ಮಾರುಕಟ್ಟೆ ಕಾರ್ಯಾಚರಣೆ ಮತ್ತು ಮೀಸಲು ಅನುಪಾತದ ಬದಲಾವಣೆಗಳ ಚರಿತ್ರೆ

ಕೇಂದ್ರ ಬ್ಯಾಂಕು ಹುಟ್ಟಿಸುವ ಹಣಕ್ಕೂ ಜನರ ಕೈಯಲ್ಲಿ ಮತ್ತು ಖಾತೆಗಳಲ್ಲಿ ಇರುವ ಒಟ್ಟು ಹಣಕ್ಕೂ ಇರುವ ಸಂಬಂಧವನ್ನು ಹಣ ಗುಣಕ ಮಾದರಿ ಲೆಕ್ಕಕ್ಕಿಳಿಸುತ್ತದೆ. ಚಲಾವಣೆಯ ನೋಟು ನಾಣ್ಯಗಳು ಮತ್ತು ಬ್ಯಾಂಕುಗಳು ಕೇಂದ್ರ ಬ್ಯಾಂಕಿನಲ್ಲಿ ಇಟ್ಟ ಮೀಸಲು, ಇವೆರಡರ ಮೊತ್ತವೇ ಮೂಲ ಹಣ. ಜನರ ಕೈಯ ನಗದು ಮತ್ತು ಠೇವಣಿ ಸೇರಿದರೆ ಹಣದ ಪೂರೈಕೆ. ಠೇವಣಿಯ ಪ್ರತಿ ರೂಪಾಯಿಗೆ ಜನ ಕೈಯಲ್ಲಿಟ್ಟುಕೊಳ್ಳುವ ನಗದು c, ಬ್ಯಾಂಕುಗಳು ಕಾನೂನಿನಂತೆ ಇಡಲೇಬೇಕಾದ ಮೀಸಲು r, ಅದರ ಮೇಲೆ ತಾವಾಗಿಯೇ ಇಟ್ಟುಕೊಳ್ಳುವ ಹೆಚ್ಚುವರಿ ಮೀಸಲು e ಎಂದಿಟ್ಟುಕೊಂಡರೆ ಗುಣಕ ಹೀಗಿರುತ್ತದೆ:

m = (1 + c) / (c + r + e)

ಕೇಂದ್ರ ಬ್ಯಾಂಕು ಮುಕ್ತ ಮಾರುಕಟ್ಟೆಯಲ್ಲಿ ಸರ್ಕಾರಿ ಸಾಲಪತ್ರ ಕೊಂಡರೆ ಮೂಲ ಹಣ ಹಿಗ್ಗುತ್ತದೆ, ಮಾರಿದರೆ ಕುಗ್ಗುತ್ತದೆ. ಗುಣಕಕ್ಕೆ ಅದು ನೇರವಾಗಿ ಕೈಹಾಕುವುದಿಲ್ಲ. ಮೀಸಲು ಅನುಪಾತ ಬದಲಾದರೆ ಮೂಲ ಹಣ ಇದ್ದಷ್ಟೇ ಇದ್ದು ಗುಣಕ ಬದಲಾಗುತ್ತದೆ. ಪಠ್ಯಪುಸ್ತಕಗಳು ಈ ಎರಡನ್ನೂ ಒಂದೇ ಫಲಕ್ಕೆ ಹೋಗುವ ಎರಡು ದಾರಿಗಳೆಂದು ವಿವರಿಸಿ ಮುಂದೆ ಸಾಗುತ್ತವೆ. ಚರಿತ್ರೆಯನ್ನು ನೋಡಿದರೆ ವಿವಾದವೆಲ್ಲ ಇರುವುದು ಕಾನೂನಿನ ಹಿಡಿತಕ್ಕೆ ಸಿಗದ e ಎಂಬ ಅಕ್ಷರದಲ್ಲಿ.

ಮಾದರಿ ರೂಪುಗೊಂಡ ಬಗೆ ಹೆಚ್ಚು ಚರ್ಚಿತವಾದದ್ದು. ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. ಬಿಡಿ ಬ್ಯಾಂಕೊಂದು ತನಗೆ ಬಂದ ಮೀಸಲಿನಷ್ಟೇ ಸಾಲ ಕೊಡಬಲ್ಲದು, ಆದರೆ ಬ್ಯಾಂಕುಗಳೆಲ್ಲ ಒಟ್ಟಾಗಿ ಅದರ ಹಲವು ಪಟ್ಟು ಠೇವಣಿ ಸೃಷ್ಟಿಸುತ್ತವೆ ಎಂಬುದನ್ನು ಅಮೆರಿಕದ ಸಿ. ಎ. ಫಿಲಿಪ್ಸ್ 1920ರಲ್ಲಿ ಸ್ಪಷ್ಟವಾಗಿ ಬಿಡಿಸಿಟ್ಟರು. ಜನರ ನಗದಿನ ಅನುಪಾತವನ್ನೂ ಒಳಗೊಂಡ ಸೂತ್ರವನ್ನು 1934ರಲ್ಲಿ ಬ್ರಿಟನ್ನಿನ ಜೇಮ್ಸ್ ಮೀಡ್ ಕೊಟ್ಟರು. ಮುಕ್ತ ಮಾರುಕಟ್ಟೆ ಕಾರ್ಯಾಚರಣೆಯ ಬಲ ಅಮೆರಿಕದಲ್ಲಿ ಗೊತ್ತಾದದ್ದು ಒಂದು ರೀತಿಯಲ್ಲಿ ಆಕಸ್ಮಿಕವಾಗಿ. 1922ರಲ್ಲಿ ಪ್ರಾದೇಶಿಕ ಫೆಡರಲ್ ರಿಸರ್ವ್ ಬ್ಯಾಂಕುಗಳು ತಮ್ಮ ಖರ್ಚಿಗೆ ಆದಾಯ ಬೇಕೆಂದು ಸಾಲಪತ್ರ ಕೊಂಡವು. ಆ ದುಡ್ಡು ಕೈಸೇರಿದ ಬ್ಯಾಂಕುಗಳು ಹೊಸ ಸಾಲ ಕೊಡುವ ಬದಲು ರಿಸರ್ವ್ ಬ್ಯಾಂಕುಗಳಿಂದ ತಾವು ಮೊದಲೇ ಪಡೆದಿದ್ದ ಸಾಲವನ್ನು ತೀರಿಸಿದವು. ಅಂದರೆ ಒಂದು ಬಾಗಿಲಿಂದ ಬಂದ ಮೂಲ ಹಣ ಇನ್ನೊಂದು ಬಾಗಿಲಿಂದ ಹೊರಟುಹೋಯಿತು. ಖರೀದಿಯನ್ನು ಒಂದೇ ಕೈಯಲ್ಲಿ ನಡೆಸಬೇಕೆಂದು 1923ರಲ್ಲಿ ಮುಕ್ತ ಮಾರುಕಟ್ಟೆ ಹೂಡಿಕೆ ಸಮಿತಿ ರಚನೆಯಾಯಿತು. ಖರೀದಿಯ ಮೊತ್ತವನ್ನು ಗುಣಕದಿಂದ ಗುಣಿಸಿದರೆ ಹಣದ ಪೂರೈಕೆಯ ಏರಿಕೆ ಸಿಗುತ್ತದೆ ಎಂಬ ಸರಳ ಲೆಕ್ಕ ಮೊದಲ ಪ್ರಯೋಗದಲ್ಲಿಯೇ ಕೈಕೊಟ್ಟಿತ್ತು ಎಂಬುದು ಗಮನಾರ್ಹ.

1932ರಲ್ಲಿ ಲೆಕ್ಕ ಇನ್ನೊಂದು ಕಡೆ ತಪ್ಪಿತು. ಬ್ಯಾಂಕುಗಳು ಸಾಲುಸಾಲಾಗಿ ಮುಳುಗುತ್ತಿದ್ದ ಕಾಲವದು. ಫೆಡರಲ್ ರಿಸರ್ವ್ ಕೆಲವೇ ತಿಂಗಳಲ್ಲಿ ಸುಮಾರು 100 ಕೋಟಿ ಡಾಲರಿನ ಸಾಲಪತ್ರ ಕೊಂಡಿತು. ಸ್ವಲ್ಪ ಭಾಗ ಚಿನ್ನದ ರೂಪದಲ್ಲಿ ದೇಶದಾಚೆ ಹೋಯಿತು, ಸ್ವಲ್ಪ ಭಾಗವನ್ನು ಹೆದರಿದ ಬ್ಯಾಂಕುಗಳು ಹೆಚ್ಚುವರಿ ಮೀಸಲಾಗಿ ಹಿಡಿದಿಟ್ಟುಕೊಂಡವು. ಕಾರ್ಯಾಚರಣೆ ಫಲ ಕೊಡತೊಡಗಿದಾಗಲೇ ಅದನ್ನು ಕೈಬಿಟ್ಟರು ಎಂದು ಮಿಲ್ಟನ್ ಫ್ರೀಡ್ಮನ್ ಮತ್ತು ಆನಾ ಶ್ವಾರ್ಟ್ಜ್ 1963ರ ತಮ್ಮ ಅಮೆರಿಕದ ಹಣಕಾಸು ಚರಿತ್ರೆಯಲ್ಲಿ ವಾದಿಸಿದರು. ಈ ಅನುಭವದಿಂದ ಅಂದಿನ ಅಧಿಕಾರಿಗಳು ಕಲಿತ ಪಾಠ ಬೇರೆಯೇ: ಬ್ಯಾಂಕುಗಳಲ್ಲಿರುವ ಹೆಚ್ಚುವರಿ ಮೀಸಲು ಯಾರಿಗೂ ಬೇಡದೆ ಕೊಳೆಯುತ್ತಿರುವ ದುಡ್ಡು, ಅದನ್ನು ಹೀರಿಕೊಂಡರೆ ಯಾರಿಗೂ ನೋವಾಗದು. ಈ ನಂಬಿಕೆಯೇ ಮುಂದಿನ ಪ್ರಕರಣಕ್ಕೆ ಪೀಠಿಕೆ.

ಅಮೆರಿಕ 1934ರಲ್ಲಿ ಚಿನ್ನದ ಬೆಲೆಯನ್ನು ಔನ್ಸಿಗೆ 20.67 ಡಾಲರಿನಿಂದ 35 ಡಾಲರಿಗೆ ಏರಿಸಿದ ಮೇಲೆ ಯುರೋಪಿನಿಂದ ಚಿನ್ನ ಹರಿದುಬಂತು. ಖಜಾನೆ ಇಲಾಖೆ ಚಿನ್ನ ಕೊಂಡು, ಅದರ ಆಧಾರದ ಪ್ರಮಾಣಪತ್ರಗಳನ್ನು ಫೆಡರಲ್ ರಿಸರ್ವ್‌ಗೆ ಕೊಟ್ಟು ಖರ್ಚಾದ ದುಡ್ಡನ್ನು ತುಂಬಿಕೊಳ್ಳುತ್ತಿತ್ತು. ಹೀಗಾಗಿ ಬಂದ ಚಿನ್ನವೆಲ್ಲ ಮೂಲ ಹಣವಾಗುತ್ತಿತ್ತು. ಹೆಚ್ಚುವರಿ ಮೀಸಲು ಸುಮಾರು 300 ಕೋಟಿ ಡಾಲರ್ ಮುಟ್ಟಿತು. ಅಷ್ಟನ್ನೂ ಸಾಲಪತ್ರ ಮಾರಿ ಹೀರಿಕೊಳ್ಳಲು ಫೆಡರಲ್ ರಿಸರ್ವ್ ಬಳಿ ಇದ್ದ ಸಾಲಪತ್ರಗಳು ಸಾಲುತ್ತಿರಲಿಲ್ಲ. 1935ರ ಬ್ಯಾಂಕಿಂಗ್ ಕಾಯ್ದೆ ಮೀಸಲು ಅನುಪಾತವನ್ನು ಎರಡು ಪಟ್ಟಿನವರೆಗೆ ಏರಿಸುವ ಅಧಿಕಾರ ಕೊಟ್ಟಿತ್ತು. ಫೆಡರಲ್ ರಿಸರ್ವ್ ಮಂಡಳಿ ಆ ಅಧಿಕಾರವನ್ನು ಪೂರ್ತಿ ಬಳಸಿತು. ನ್ಯೂಯಾರ್ಕ್ ಮತ್ತು ಷಿಕಾಗೊದ ದೊಡ್ಡ ಬ್ಯಾಂಕುಗಳ ಚಾಲ್ತಿ ಠೇವಣಿ ಮೇಲಿನ ಅನುಪಾತ ಶೇ 13ರಿಂದ 1936ರ ಆಗಸ್ಟ್‌ನಲ್ಲಿ ಶೇ 19.5ಕ್ಕೆ, 1937ರ ಮಾರ್ಚ್‌ನಲ್ಲಿ ಶೇ 22.75ಕ್ಕೆ, ಮೇ 1ರಂದು ಶೇ 26ಕ್ಕೆ ಏರಿತು. ಸಣ್ಣ ಊರುಗಳ ಬ್ಯಾಂಕುಗಳಿಗೆ ಅದು ಶೇ 7ರಿಂದ ಶೇ 14 ಆಯಿತು. ಮೇ ತಿಂಗಳಲ್ಲೇ ಆರ್ಥಿಕತೆ ತಿರುಗಿ ಬಿತ್ತು. ಮುಂದಿನ ಒಂದು ವರ್ಷದಲ್ಲಿ ಕೈಗಾರಿಕಾ ಉತ್ಪಾದನೆ ಮೂರನೇ ಒಂದು ಪಾಲಿನಷ್ಟು ಕುಸಿಯಿತು.

ಇದು ಮೀಸಲು ಏರಿಕೆಯಿಂದಲೇ ಆಯಿತೇ? ಸೂತ್ರಕ್ಕೆ ಸುಲಭದ ಅಂಕಿಗಳನ್ನು ಹಾಕಿ ನೋಡಿದರೆ ಪ್ರಶ್ನೆ ಸ್ಪಷ್ಟವಾಗುತ್ತದೆ. c 0.2, r 0.1, e 0.1 ಇದ್ದರೆ ಗುಣಕ 1.2 ಭಾಗಿಸು 0.4, ಅಂದರೆ 3. ಮೂಲ ಹಣ 1,000 ಇದ್ದರೆ ಹಣದ ಪೂರೈಕೆ 3,000. ಈಗ r ಎರಡು ಪಟ್ಟಾಗಿ 0.2 ಆಯಿತೆನ್ನಿ. ಹೆಚ್ಚುವರಿ ಮೀಸಲು ನಿಜಕ್ಕೂ ಬೇಡದ ದುಡ್ಡಾಗಿದ್ದರೆ ಅದು ಕಡ್ಡಾಯ ಮೀಸಲಾಗಿ ಹೆಸರು ಬದಲಿಸಿಕೊಳ್ಳುತ್ತದೆ ಅಷ್ಟೆ: e ಸೊನ್ನೆಗಿಳಿಯುತ್ತದೆ, ಛೇದ 0.4 ಆಗಿಯೇ ಉಳಿಯುತ್ತದೆ, ಗುಣಕ ಕದಲುವುದಿಲ್ಲ. ಇದು ಮಂಡಳಿಯ ನಿಲುವು. ಆದರೆ ಬ್ಯಾಂಕುಗಳು ಆ ದುಡ್ಡನ್ನು ಮುಂದಿನ ಗಾಬರಿಗೆ ರಕ್ಷಣೆಯಾಗಿ ಬೇಕೆಂದೇ ಇಟ್ಟುಕೊಂಡಿದ್ದರೆ, ಕಳೆದುಕೊಂಡ e ಯನ್ನು ಸಾಲ ಹಿಂಪಡೆದು, ಸಾಲಪತ್ರ ಮಾರಿ ಮತ್ತೆ 0.1ಕ್ಕೆ ತರುತ್ತವೆ. ಆಗ ಛೇದ 0.5, ಗುಣಕ 2.4, ಹಣದ ಪೂರೈಕೆ 2,400. ಅದನ್ನು ಮತ್ತೆ 3,000ಕ್ಕೆ ತರಬೇಕಾದರೆ ಕೇಂದ್ರ ಬ್ಯಾಂಕು 250ರ ಸಾಲಪತ್ರ ಕೊಳ್ಳಬೇಕು. ಇದು ಫ್ರೀಡ್ಮನ್ ಮತ್ತು ಶ್ವಾರ್ಟ್ಜ್ ಅವರ ನಿಲುವು. ಒಂದೇ ಸೂತ್ರ ಎರಡೂ ಕಡೆಯವರಿಗೆ ಸಾಕ್ಷಿ ಹೇಳುತ್ತದೆ. ತೀರ್ಮಾನವಾಗಬೇಕಾದದ್ದು ಬ್ಯಾಂಕುಗಳ ಲೆಕ್ಕದ ಪುಸ್ತಕದಲ್ಲಿ.

ಫ್ರೀಡ್ಮನ್ ಕಡೆಯ ಮುಖ್ಯ ಪುರಾವೆಯೆಂದರೆ, ಏರಿಕೆಯ ನಂತರ ಬ್ಯಾಂಕುಗಳು ಹೆಚ್ಚುವರಿ ಮೀಸಲನ್ನು ಮತ್ತೆ ಕಟ್ಟಿಕೊಂಡವು ಎಂಬುದು. ಬೇಡದ ದುಡ್ಡಾಗಿದ್ದರೆ ಹಾಗೇಕೆ ಮಾಡುತ್ತಿದ್ದವು? ಪ್ರಶ್ನೆ ಬಲವಾದದ್ದೇ. ಆದರೆ ಒಟ್ಟು ಮೊತ್ತಗಳಿಂದ ಕಾರಣ ತಿಳಿಯದು: ಹಿಂಜರಿತ ಶುರುವಾದ ಮೇಲೆ ಸಾಲ ಕೇಳುವವರೇ ಕಡಿಮೆಯಾದರೂ ಹೆಚ್ಚುವರಿ ಮೀಸಲು ಬೆಳೆಯುತ್ತದೆ. ಚಾರ್ಲ್ಸ್ ಕ್ಯಾಲೊಮಿರಿಸ್, ಜೋಸೆಫ್ ಮೇಸನ್ ಮತ್ತು ಡೇವಿಡ್ ವೀಲಾಕ್ 2011ರಲ್ಲಿ ಬಿಡಿ ಬ್ಯಾಂಕುಗಳ ಮಾಹಿತಿಯನ್ನು ಹಿಡಿದು ನೋಡಿದರು. ಏರಿಸಿದ ಅನುಪಾತ ಬಹುಪಾಲು ಬ್ಯಾಂಕುಗಳಿಗೆ ಬಿಗಿಯಾಗಿ ಕಟ್ಟಿಹಾಕುವಂತೆ ಇರಲೇ ಇಲ್ಲ, ಅವು ಮೀಸಲು ಇಡುತ್ತಿದ್ದುದಕ್ಕೆ ಬೇರೆ ಕಾರಣಗಳಿದ್ದವು ಎಂಬುದು ಅವರ ತೀರ್ಮಾನ. ಇದಕ್ಕೂ ಆಕ್ಷೇಪವಿದೆ: ಫೆಡರಲ್ ರಿಸರ್ವ್‌ನ ಸದಸ್ಯ ಬ್ಯಾಂಕುಗಳನ್ನು ಸದಸ್ಯರಲ್ಲದವುಗಳ ಜೊತೆ ಹೋಲಿಸಿದ ಥಾಮಸ್ ಕಾರ್ಗಿಲ್ ಮತ್ತು ಥಾಮಸ್ ಮೇಯರ್ 2006ರಲ್ಲಿ ಏರಿಕೆಯ ಪರಿಣಾಮ ಇತ್ತೆಂದೇ ಕಂಡರು. ನ್ಯೂಯಾರ್ಕಿನ ಬ್ಯಾಂಕುಗಳು 1937ರ ವಸಂತದಲ್ಲಿ ಸರ್ಕಾರಿ ಸಾಲಪತ್ರ ಮಾರಿದ್ದು, ಅವುಗಳ ಬೆಲೆ ಕುಸಿದದ್ದು, ಏಪ್ರಿಲ್‌ನಲ್ಲಿ ಫೆಡರಲ್ ರಿಸರ್ವ್ ತಾನೇ ಕೊಳ್ಳಲು ಇಳಿದದ್ದು ನಿಜ. ಆದ್ದರಿಂದ ಏರಿಕೆ ಎಲ್ಲಿಯೂ ತಟ್ಟಲಿಲ್ಲ ಎನ್ನಲಾಗದು. ಅಷ್ಟು ದೊಡ್ಡ ಕುಸಿತದ ಹೊರೆಯನ್ನು ಅದೊಂದರ ಮೇಲೆಯೇ ಹೊರಿಸಬಹುದೇ ಎಂಬುದು ಪ್ರಶ್ನೆ.

ಇಲ್ಲಿ ಬಹುಕಾಲ ಕಣ್ಣಿಗೆ ಬೀಳದೆ ಉಳಿದ ಸಂಗತಿ ಚಿನ್ನದ್ದು. 1936ರ ಡಿಸೆಂಬರ್‌ನಲ್ಲಿ ಖಜಾನೆ ಇಲಾಖೆ ಹೊಸದಾಗಿ ಬರುವ ಚಿನ್ನವನ್ನು ನಿಷ್ಕ್ರಿಯ ಖಾತೆಯೊಂದರಲ್ಲಿ ಕೂಡಿಟ್ಟು, ಅದಕ್ಕೆ ಬೇಕಾದ ದುಡ್ಡನ್ನು ಸಾಲಪತ್ರ ಮಾರಿ ಎತ್ತತೊಡಗಿತು. ಚಿನ್ನ ಕೊಂಡಾಗ ಬ್ಯಾಂಕುಗಳಿಗೆ ಸೇರಿದ ಮೀಸಲು ಸಾಲಪತ್ರ ಮಾರಿದಾಗ ಹಿಂದಕ್ಕೆ ಬಂತು. ಪರಿಣಾಮದಲ್ಲಿ ಇದು ಬಂದ ಚಿನ್ನದಷ್ಟೇ ಮೊತ್ತದ ಮುಕ್ತ ಮಾರುಕಟ್ಟೆ ಮಾರಾಟ. ಮಾಡಿದವರು ಮಾತ್ರ ಕೇಂದ್ರ ಬ್ಯಾಂಕಲ್ಲ, ಖಜಾನೆ. ವರ್ಷಗಟ್ಟಲೆ ವೇಗವಾಗಿ ಬೆಳೆಯುತ್ತಿದ್ದ ಮೂಲ ಹಣ ಹೆಚ್ಚುಕಡಿಮೆ ನಿಂತುಹೋಯಿತು. ಡಗ್ಲಸ್ ಅರ್ವಿನ್ 2012ರಲ್ಲಿ ಮುಖ್ಯ ಹೊಣೆಯನ್ನು ಇದರ ಮೇಲೆ ಹೊರಿಸಿದರು. ಈ ವಾದಕ್ಕೆ ಗುಣಕದ ಭಾಷೆಯಲ್ಲೇ ಒಂದು ಅನುಕೂಲವಿದೆ: e ಎಷ್ಟೇ ದೊಡ್ಡದಿದ್ದರೂ ಸ್ಥಿರವಾಗಿದ್ದರೆ ಮೂಲ ಹಣದ ಬೆಳವಣಿಗೆ ನಿಂತಾಗ ಹಣದ ಪೂರೈಕೆಯ ಬೆಳವಣಿಗೆಯೂ ನಿಲ್ಲುತ್ತದೆ, ಬ್ಯಾಂಕುಗಳ ಮನಸ್ಸನ್ನು ಊಹಿಸುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಅದೇ ಕಾಲದ ತೆರಿಗೆ ಏರಿಕೆಯ ಪಾತ್ರವೂ ಇತ್ತೆಂಬುದನ್ನು ಇದು ಅಲ್ಲಗಳೆಯುವುದಿಲ್ಲ. 1938ರ ಏಪ್ರಿಲ್‌ನಲ್ಲಿ ಮೀಸಲು ಅನುಪಾತವನ್ನು ಇಳಿಸಿದ್ದು ಮತ್ತು 100 ಕೋಟಿ ಡಾಲರಿಗೂ ಮೀರಿದ ಚಿನ್ನವನ್ನು ನಿಷ್ಕ್ರಿಯ ಖಾತೆಯಿಂದ ಬಿಡುಗಡೆ ಮಾಡಿದ್ದು ಒಂದೇ ತಿಂಗಳಲ್ಲಿ ನಡೆದದ್ದರಿಂದ, ಚೇತರಿಕೆಯನ್ನು ನೋಡಿ ಯಾವುದು ಕಾರಣವಾಗಿತ್ತೆಂದು ಹೇಳುವ ದಾರಿಯೂ ಮುಚ್ಚಿಹೋಗಿದೆ.

ಯುದ್ಧಾನಂತರದ ದಶಕಗಳಲ್ಲಿ ಅಮೆರಿಕದಲ್ಲಿ ಮೀಸಲು ಅನುಪಾತ ನಿಧಾನವಾಗಿ ಹಿನ್ನೆಲೆಗೆ ಸರಿಯಿತು. 2020ರ ಮಾರ್ಚ್‌ನಲ್ಲಿ ಅದನ್ನು ಸೊನ್ನೆಗೇ ಇಳಿಸಲಾಯಿತು. ಭಾರತದಲ್ಲಿ ನಗದು ಮೀಸಲು ಅನುಪಾತ, ಅಂದರೆ ಸಿಆರ್‌ಆರ್, ಇಂದಿಗೂ ಜೀವಂತ ಸಾಧನ. ಅದರ ಇತ್ತೀಚಿನ ಬಳಕೆಯಲ್ಲಿ ಮಾದರಿಗೆ ಒಗ್ಗದ ಪ್ರಕರಣವೊಂದಿದೆ. 2016ರ ನವೆಂಬರ್ 8ರ ನೋಟು ರದ್ದತಿಯ ನಂತರ ಜನರ ಕೈಯ ನಗದು ಬ್ಯಾಂಕುಗಳಿಗೆ ನುಗ್ಗಿತು. ಸೆಪ್ಟೆಂಬರ್ 16 ಮತ್ತು ನವೆಂಬರ್ 11ರ ನಡುವೆ ಹೆಚ್ಚಾದ ಠೇವಣಿ ಮುಂತಾದ ಬಾಧ್ಯತೆಗಳ ಮೇಲೆ ಶೇ 100 ಸಿಆರ್‌ಆರ್ ಇಡಬೇಕೆಂದು ರಿಸರ್ವ್ ಬ್ಯಾಂಕ್ ನವೆಂಬರ್ 26ರಂದು ಆದೇಶಿಸಿತು. ಹದಿನೈದು ದಿನದಲ್ಲಿ ಅದನ್ನು ತೆಗೆದು, ಮಾರುಕಟ್ಟೆ ಸ್ಥಿರೀಕರಣ ಯೋಜನೆಯ ಸಾಲಪತ್ರಗಳ ಮಿತಿಯನ್ನು 30,000 ಕೋಟಿ ರೂಪಾಯಿಯಿಂದ 6 ಲಕ್ಷ ಕೋಟಿಗೆ ಏರಿಸಿ, ಅವನ್ನು ಮಾರಿ ಹಣ ಹೀರಿಕೊಳ್ಳಲಾಯಿತು.

ಮೊದಲನೆಯದು ಗುಣಕದ ಸಾಧನ, ಎರಡನೆಯದು ಮೂಲ ಹಣದ ಸಾಧನ. ಮಾಡಿಸಿದ ಕೆಲಸ ಒಂದೇ. ಐನೂರು ರೂಪಾಯಿಯ ಹಳೇ ನೋಟು ಠೇವಣಿಯಾದಾಗ ಒಟ್ಟು ಹಣದ ಪೂರೈಕೆ ಬದಲಾಗುವುದಿಲ್ಲ, ನಗದು ಠೇವಣಿಯಾಯಿತು ಅಷ್ಟೆ. ಮೂಲ ಹಣವೂ ಆ ಕ್ಷಣಕ್ಕೆ ಬದಲಾಗದು: ಚಲಾವಣೆಯಲ್ಲಿ ಐನೂರು ಇಳಿದು ಬ್ಯಾಂಕಿನ ಮೀಸಲು ಐನೂರು ಏರಿತು. ಶೇ 100 ಸಿಆರ್‌ಆರ್ ಆ ಐನೂರನ್ನು ಮೀಸಲಿನಲ್ಲೇ ಕಟ್ಟಿಹಾಕಿತು. ಸಾಲಪತ್ರ ಮಾರಿದಾಗ ಅದೇ ಐನೂರು ಮೂಲ ಹಣದಿಂದಲೇ ಮಾಯವಾಯಿತು. ಹಣದ ಪೂರೈಕೆ ಇದ್ದಲ್ಲೇ ಇದ್ದು ಮೂಲ ಹಣ ಕುಗ್ಗಿದ್ದರಿಂದ ಲೆಕ್ಕದ ಪ್ರಕಾರ ಗುಣಕ ಒಮ್ಮೆಲೇ ಜಿಗಿಯಿತು, ಬ್ಯಾಂಕುಗಳು ಒಂದು ರೂಪಾಯಿ ಹೆಚ್ಚಿಗೆ ಸಾಲ ಕೊಡದಿದ್ದರೂ. ಜಿಗಿದದ್ದು c ಇಳಿದದ್ದಕ್ಕೆ; ಹೊಸ ನೋಟುಗಳು ಮತ್ತೆ ಚಲಾವಣೆಗೆ ಬಂದಂತೆ ಅದೂ ಹಿಂದಕ್ಕೆ ಬಂತು. 2,000 ರೂಪಾಯಿ ನೋಟುಗಳನ್ನು ಹಿಂಪಡೆದಾಗ, 2023ರ ಆಗಸ್ಟ್‌ನಲ್ಲಿ, ರಿಸರ್ವ್ ಬ್ಯಾಂಕ್ ಅದೇ ಸಿಆರ್‌ಆರ್ ಸಾಧನವನ್ನು ಮತ್ತೆ ಹೊರತೆಗೆಯಿತು. ಈ ಬಾರಿ ಹೆಚ್ಚಾದ ಬಾಧ್ಯತೆಗಳ ಮೇಲೆ ಶೇ 10 ಮಾತ್ರ, ಅದನ್ನೂ ಅಕ್ಟೋಬರ್ 7ರೊಳಗೆ ಮೂರು ಕಂತಿನಲ್ಲಿ ಬ್ಯಾಂಕುಗಳಿಗೆ ಮರಳಿಸಲಾಯಿತು.