ಮೆಗ್ನೀಸಿಯಂ ಕಲಿಸಿದ ಪ್ರಶ್ನೆಗಳು

1991ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಮೆಟಾ ವಿಶ್ಲೇಷಣೆ ಪ್ರಕಟವಾಯಿತು. ಹೃದಯಾಘಾತವಾದವರಿಗೆ ರಕ್ತನಾಳದ ಮೂಲಕ ಮೆಗ್ನೀಸಿಯಂ ಕೊಟ್ಟ ಏಳು ಸಣ್ಣ ಪ್ರಯೋಗಗಳನ್ನು ಅದು ಒಟ್ಟುಗೂಡಿಸಿತ್ತು. ರೋಗಿಗಳು 1,301. ಮೆಗ್ನೀಸಿಯಂ ಪಡೆದವರಲ್ಲಿ 25 ಮಂದಿ ಸತ್ತಿದ್ದರು, ಪಡೆಯದವರಲ್ಲಿ 53 ಮಂದಿ. ಸಾವಿನ ಆಡ್ಸ್ ಶೇ. 55ರಷ್ಟು ಇಳಿದಿತ್ತು. ಮರುವರ್ಷ 2,316 ರೋಗಿಗಳ ಲಿಮಿಟ್-2 ಪ್ರಯೋಗದಲ್ಲೂ ಸಾವು ಸುಮಾರು ಶೇ. 24ರಷ್ಟು ಕಡಿಮೆಯಾಯಿತು. ಅಗ್ಗದ ಔಷಧಿ, ದೊಡ್ಡ ಲಾಭ ಎಂಬ ನಂಬಿಕೆ ಬಲವಾಯಿತು.

1995ರಲ್ಲಿ ಐಸಿಸ್-4 ಪ್ರಯೋಗದ ಫಲಿತಾಂಶ ಬಂತು. ಅದರಲ್ಲಿ 58,050 ರೋಗಿಗಳಿದ್ದರು. ಐದು ವಾರಗಳಲ್ಲಿ ಮೆಗ್ನೀಸಿಯಂ ಪಡೆದವರಲ್ಲಿ ಶೇ. 7.64, ಪಡೆಯದವರಲ್ಲಿ ಶೇ. 7.24 ಮಂದಿ ತೀರಿಕೊಂಡಿದ್ದರು. ಲಾಭದ ಸುಳಿವೇ ಇರಲಿಲ್ಲ. ಮೆಟಾ ವಿಶ್ಲೇಷಣೆಯ ಮಂಡನೆಯನ್ನು ಕೇಳುವವರು ಏನನ್ನು ಪ್ರಶ್ನಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮೊದಲ ಪ್ರಶ್ನೆ ಭಿನ್ನತೆಯದು: ಕೂಡಿಸಿದ ಅಧ್ಯಯನಗಳು ಒಂದೇ ಮಾತನ್ನು ಹೇಳುತ್ತಿವೆಯೇ? ಇದು ಹಳೆಯ ಪ್ರಶ್ನೆ. 1904ರಲ್ಲಿ ಕಾರ್ಲ್ ಪಿಯರ್ಸನ್ ಸೈನಿಕರಿಗೆ ಹಾಕಿದ ಟೈಫಾಯ್ಡ್ ಲಸಿಕೆಯ ಅಂಕಿಅಂಶಗಳನ್ನು ಒಟ್ಟುಗೂಡಿಸಿದಾಗಲೇ ಗುಂಪಿನಿಂದ ಗುಂಪಿಗೆ ಫಲಿತಾಂಶ ಏರುಪೇರಾಗುವುದನ್ನು ಗಮನಿಸಿದ್ದರು. 1954ರಲ್ಲಿ ಕಾಕ್ರನ್ ಇದಕ್ಕೊಂದು ಪರೀಕ್ಷೆ ರೂಪಿಸಿದರು. ಅಧ್ಯಯನಗಳು ಕೆಲವೇ ಇದ್ದಾಗ ಆ ಪರೀಕ್ಷೆಗೆ ಭಿನ್ನತೆ ಹಲವು ಬಾರಿ ಕಣ್ಣಿಗೆ ಬೀಳುವುದಿಲ್ಲ. 2002ರಲ್ಲಿ ಹಿಗಿನ್ಸ್ ಮತ್ತು ಥಾಂಪ್ಸನ್ ತಂದ ಐ-ಸ್ಕ್ವೇರ್ ಇಂದು ಎಲ್ಲ ಸ್ಲೈಡುಗಳಲ್ಲೂ ಕಾಣುತ್ತದೆ. ಕಾಣುವ ಏರುಪೇರಿನಲ್ಲಿ ಆಕಸ್ಮಿಕವನ್ನು ಮೀರಿದ ಪಾಲು ಎಷ್ಟು ಎಂಬುದನ್ನು ಅದು ತಿಳಿಸುತ್ತದೆ. ಆ ಏರುಪೇರು ರೋಗಿಯ ಮಟ್ಟಿಗೆ ದೊಡ್ಡದೋ ಚಿಕ್ಕದೋ ಎಂಬುದು ಅದರಿಂದ ತಿಳಿಯದು. ಹಾಗಾಗಿ ಐ-ಸ್ಕ್ವೇರ್ ಎಷ್ಟೆಂದು ಕೇಳಿ ಸುಮ್ಮನಾಗಬಾರದು. ಮುಂದಿನ ಅಧ್ಯಯನದಲ್ಲಿ ಪರಿಣಾಮ ಎಲ್ಲಿಂದ ಎಲ್ಲಿಯವರೆಗೆ ಇರಬಹುದು, ಭಿನ್ನತೆಗೆ ಕಾರಣವೇನು ಎಂದೂ ಕೇಳಬೇಕು.

ಮೆಗ್ನೀಸಿಯಂ ವಿಷಯದಲ್ಲಿ ಒಂದು ಕಾರಣ ಮುಂದಿಡಲಾಯಿತು: ಐಸಿಸ್-4ರಲ್ಲಿ ಔಷಧಿಯನ್ನು ತಡವಾಗಿ ಕೊಟ್ಟರು ಎಂದು. ಆ ವಿವರಣೆಯನ್ನು ಪರೀಕ್ಷಿಸಲು ಸಾಧ್ಯವಿತ್ತು, ಪರೀಕ್ಷೆಯೂ ನಡೆಯಿತು. ಹೆಚ್ಚು ಅಪಾಯದಲ್ಲಿದ್ದ 6,213 ರೋಗಿಗಳಿಗೆ ಬೇಗನೆ ಔಷಧಿ ಕೊಡುವ ಮ್ಯಾಜಿಕ್ ಪ್ರಯೋಗದ ಫಲಿತಾಂಶ 2002ರಲ್ಲಿ ಹೊರಬಂತು. ಎರಡೂ ಗುಂಪುಗಳಲ್ಲಿ ಸಾವು ಶೇ. 15ರ ಆಸುಪಾಸಿನಲ್ಲೇ ಇತ್ತು.

ಎರಡನೆಯ ಪ್ರಶ್ನೆ: ಪ್ರಕಟವಾಗದೆ ಉಳಿದದ್ದೇನು? ಲಾಭ ತೋರದ ಅಧ್ಯಯನಗಳು ಕಪಾಟಿನಲ್ಲೇ ಉಳಿಯುತ್ತವೆ ಎಂದು 1979ರಲ್ಲಿ ರೋಸೆಂತಾಲ್ ಎಚ್ಚರಿಸಿದ್ದರು. 1984ರಲ್ಲಿ ಲೈಟ್ ಮತ್ತು ಪಿಲ್ಲೆಮರ್ ಫನೆಲ್ ಪ್ಲಾಟ್ ಸೂಚಿಸಿದರು. ಇದರಲ್ಲಿ ದೊಡ್ಡ ಅಧ್ಯಯನಗಳು ಮೇಲೆ ಒತ್ತಾಗಿ ಕೂರುತ್ತವೆ, ಸಣ್ಣವು ಕೆಳಗೆ ಎರಡೂ ಬದಿಗೆ ಹರಡಿಕೊಳ್ಳುತ್ತವೆ. ಕೆಳಗಿನ ಒಂದು ಮೂಲೆ ಖಾಲಿಯಿದ್ದರೆ ಅನುಮಾನಪಡಬೇಕು. 1997ರಲ್ಲಿ ಎಗ್ಗರ್ ಮತ್ತು ಸಂಗಡಿಗರು ಈ ಓರೆಯನ್ನು ಅಳೆಯುವ ಪರೀಕ್ಷೆ ಕೊಟ್ಟರು. ಆದರೆ ಹತ್ತಕ್ಕಿಂತ ಕಡಿಮೆ ಅಧ್ಯಯನಗಳಿದ್ದರೆ ಅದು ಬಲಹೀನ. ಏಳೇ ಪ್ರಯೋಗಗಳಿರುವಲ್ಲಿ "ಎಗ್ಗರ್ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ" ಎಂಬ ಮಾತು ಸಮಾಧಾನ ತರಬಾರದು. ಓರೆಗೆ ಬೇರೆ ಕಾರಣಗಳೂ ಇರುತ್ತವೆ: ಸಣ್ಣ ಪ್ರಯೋಗಗಳ ಗುಣಮಟ್ಟ ಕಡಿಮೆಯಿರಬಹುದು, ಅವುಗಳ ರೋಗಿಗಳೇ ಬೇರೆ ಬಗೆಯವರಿರಬಹುದು. ಇದಕ್ಕಿಂತ ಗಟ್ಟಿಯಾದ ದಾರಿ ನೋಂದಣಿ ಪುಸ್ತಕ. 2008ರಲ್ಲಿ ಟರ್ನರ್ ತಂಡ ಅಮೆರಿಕದ ಔಷಧಿ ನಿಯಂತ್ರಕರ ದಾಖಲೆಯಲ್ಲಿದ್ದ ಖಿನ್ನತೆಯ ಔಷಧಿಗಳ 74 ಅಧ್ಯಯನಗಳನ್ನು ಪ್ರಕಟವಾದ ಸಾಹಿತ್ಯದೊಂದಿಗೆ ಹೋಲಿಸಿತು. ದಾಖಲೆಯಲ್ಲಿ ಅನುಕೂಲಕರವಾಗಿದ್ದವು ಶೇ. 51. ಪ್ರಕಟವಾದ ಸಾಹಿತ್ಯದಲ್ಲಿ ಅವು ಶೇ. 94ರಷ್ಟಿದ್ದಂತೆ ಕಾಣುತ್ತಿತ್ತು. ಭಾರತದಲ್ಲಿ 2009ರಿಂದ ಔಷಧ ಪ್ರಯೋಗಗಳಿಗೆ ಸಿಟಿಆರ್‌ಐ ನೋಂದಣಿ ಕಡ್ಡಾಯ. ಅದನ್ನು ಹುಡುಕಿದಿರಾ ಎಂದು ಮಂಡಿಸುವವರನ್ನು ಕೇಳಲೇಬೇಕು.

ಮೂರನೆಯ ಪ್ರಶ್ನೆ ತೂಕದ್ದು. 1986ರಲ್ಲಿ ಡೆರ್‌ಸಿಮೋನಿಯನ್ ಮತ್ತು ಲೇರ್ಡ್ ಜನಪ್ರಿಯಗೊಳಿಸಿದ ರ‍್ಯಾಂಡಮ್ ಎಫೆಕ್ಟ್ಸ್ ಮಾದರಿ, ಅಧ್ಯಯನಗಳ ನಡುವಿನ ಭಿನ್ನತೆಯನ್ನು ಪ್ರತಿಯೊಂದರ ಅನಿಶ್ಚಿತತೆಗೂ ಸೇರಿಸುತ್ತದೆ. ದೊಡ್ಡ ಪ್ರಯೋಗದ ವೇರಿಯನ್ಸ್ 0.001, ಸಣ್ಣದರದು 0.2 ಎಂದಿಟ್ಟುಕೊಳ್ಳಿ. ಫಿಕ್ಸೆಡ್ ಎಫೆಕ್ಟ್ ಲೆಕ್ಕದಲ್ಲಿ ದೊಡ್ಡದಕ್ಕೆ 200 ಪಟ್ಟು ತೂಕ. ಅಧ್ಯಯನಗಳ ನಡುವಿನ ವೇರಿಯನ್ಸ್ 0.2 ಎಂದು ಎರಡಕ್ಕೂ ಸೇರಿಸಿದರೆ ಆ 200 ಪಟ್ಟು ಸುಮಾರು ಎರಡು ಪಟ್ಟಿಗೆ ಕುಸಿಯುತ್ತದೆ. ಅಂದರೆ ಸಣ್ಣ ಪ್ರಯೋಗಗಳೇ ಪಕ್ಷಪಾತದವಾಗಿದ್ದರೆ ಈ ಮಾದರಿ ಆ ಪಕ್ಷಪಾತಕ್ಕೆ ಇನ್ನಷ್ಟು ಬಲ ಕೊಡುತ್ತದೆ. 2007ರ ಕಾಕ್ರೇನ್ ವಿಮರ್ಶೆಯಲ್ಲಿ ಮೆಗ್ನೀಸಿಯಂನ ಆಡ್ಸ್ ಅನುಪಾತ ಫಿಕ್ಸೆಡ್ ಲೆಕ್ಕದಲ್ಲಿ 0.99, ರ‍್ಯಾಂಡಮ್ ಲೆಕ್ಕದಲ್ಲಿ 0.66. ಅದೇ ಪ್ರಯೋಗಗಳಿಂದ ಒಮ್ಮೆ ನಿಷ್ಪ್ರಯೋಜಕ, ಒಮ್ಮೆ ಜೀವರಕ್ಷಕ ಎಂಬ ಉತ್ತರ.

ಆದ್ದರಿಂದ ಎರಡೂ ಮಾದರಿಗಳ ಉತ್ತರವನ್ನು ಒಟ್ಟಿಗೆ ತೋರಿಸಿ ಎಂದು ಕೇಳಿ. ಅವು ದೂರವಿದ್ದರೆ ಸಣ್ಣ ಪ್ರಯೋಗಗಳನ್ನು ಬಿಟ್ಟು ಲೆಕ್ಕ ಹಾಕಿಸಿ. ಇಡೀ ತೀರ್ಮಾನ ಎಷ್ಟು ಸಾವುಗಳ ಮೇಲೆ ನಿಂತಿದೆ ಎಂದೂ ಕೇಳಿ. 1991ರ ಆ ಭರವಸೆ ನಿಂತಿದ್ದು ಕೇವಲ 78 ಸಾವುಗಳ ಮೇಲೆ; ಐಸಿಸ್-4ರಲ್ಲಿ ಎಣಿಸಿದ್ದು ನಾಲ್ಕು ಸಾವಿರಕ್ಕೂ ಹೆಚ್ಚು. ಇವಕ್ಕೆ ಉತ್ತರವಿಲ್ಲದ ಒಟ್ಟು ಫಲಿತಾಂಶವನ್ನು ಮುಂದಿನ ದೊಡ್ಡ ಪ್ರಯೋಗಕ್ಕೆ ಕಾರಣವೆಂದು ಒಪ್ಪಬಹುದು, ಚಿಕಿತ್ಸೆಗೆ ಆಧಾರವೆಂದು ಒಪ್ಪಲಾಗದು.